ಏಣಿ ಕಾಣಲಿ, ನಿಂತ ಮೆಟ್ಟಿಲು ಮುಚ್ಚಿರಲಿ

ತಿಂಗಳ ಏಳನೇ ತಾರೀಖಿನ ಆಸುಪಾಸಿನಲ್ಲಿ ಶ್ರೀನಿವಾಸಪುರದಿಂದಲೋ ಮುಳಬಾಗಿಲಿನಿಂದಲೋ ಹೊರಡುವ ಕಂಪನಿ ಬಸ್ಸಿನಲ್ಲಿ ಒಮ್ಮೆ ಕೂತು ಬಂದರೆ ಸಂಬಳದ ಗುಟ್ಟು ಎಂಬುದು ಎಷ್ಟು ಹೊತ್ತು ಉಳಿಯುತ್ತದೆ ಎಂದು ಗೊತ್ತಾಗುತ್ತದೆ. ಬ್ಯಾಂಕಿನ ಮೆಸೇಜು ಬಂದ ಫೋನು ಸೀಟಿನಿಂದ ಸೀಟಿಗೆ ಹೋಗುತ್ತದೆ. ಬಸ್ಸು ಕೋಲಾರ ದಾಟಿ ನರಸಾಪುರದ ಕಡೆಗೋ ಮಾಲೂರಿನ ಕಡೆಗೋ ತಿರುಗುವ ಹೊತ್ತಿಗೆ ಯಾರಿಗೆ ಎಷ್ಟು ಬಂತು, ಯಾರಿಗೆ ಎಷ್ಟು ಕಡಿತವಾಯಿತು ಎಂಬುದು ಬಸ್ಸಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಒಂದೇ: ಯಾಕೆ ಅಷ್ಟು ಎಂಬುದು. ಹದಿನೈದಕ್ಕೂ ಹೆಚ್ಚು ವರ್ಷ ಈ ಭಾಗದ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಮಾಡಿ ನಾನು ಕಲಿತದ್ದು ಇಷ್ಟು: ನಾವು ಮುಚ್ಚಿಡಬೇಕಾದದ್ದನ್ನು ಮುಚ್ಚಿಡಲಾಗುತ್ತಿಲ್ಲ, ತೆರೆದಿಡಬೇಕಾದದ್ದನ್ನು ಮುಚ್ಚಿಟ್ಟಿದ್ದೇವೆ. ವ್ಯಕ್ತಿಯ ಸಂಬಳ ಅವನ ಖಾಸಗಿ ವಿಷಯ, ಅದನ್ನು ಸಂಸ್ಥೆ ಹೇಳಬಾರದು. ಆದರೆ ಆ ಸಂಬಳವನ್ನು ನಿರ್ಧರಿಸಿದ ಗ್ರೇಡು, ಆ ಗ್ರೇಡಿನ ಕೆಳಮಿತಿ ಮೇಲ್ಮಿತಿ, ಮೇಲೆ ಹತ್ತುವ ದಾರಿ, ಇವು ಯಾರ ಖಾಸಗಿಯೂ ಅಲ್ಲ.

ಇದನ್ನು ಕೋಲಾರ ಜಿಲ್ಲೆಯಲ್ಲಿ ಹೇಳುವುದಕ್ಕೆ ಕಾರಣವಿದೆ. 2020ರ ಡಿಸೆಂಬರ್ 12ರ ಬೆಳಗಿನ ಜಾವ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಹೊತ್ತಿನಲ್ಲಿ ಕೆಲಸಗಾರರು ಸಿಟ್ಟಿಗೆದ್ದು ಗಾಜು, ಯಂತ್ರ, ವಾಹನ ಒಡೆದರು. ಅಲ್ಲಿದ್ದ ಹತ್ತು ಸಾವಿರದಷ್ಟು ಜನರಲ್ಲಿ ಬಹುಪಾಲು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಇಂಜಿನಿಯರಿಂಗ್ ಓದಿದವರಿಗೆ 21,000 ಎಂದು ಹೇಳಿ ಮೊದಲು 16,000, ಆಮೇಲೆ 12,000 ಕೊಟ್ಟರು ಎಂಬ ದೂರು ಆಗ ಪತ್ರಿಕೆಗಳಲ್ಲಿ ಬಂತು. ಕಾರ್ಖಾನೆಗಳ ಇಲಾಖೆಯ ವರದಿ ಸಿಬ್ಬಂದಿ ವಿಭಾಗದತ್ತಲೇ ಬೆರಳು ತೋರಿಸಿತು. ಕೆಲಸಗಾರರ ಸಂಖ್ಯೆ ಅಲ್ಪ ಕಾಲದಲ್ಲಿ ಐದು ಸಾವಿರದಿಂದ ಹತ್ತೂವರೆ ಸಾವಿರಕ್ಕೆ ಏರಿತ್ತು. ಅವರನ್ನು ನೋಡಿಕೊಳ್ಳುವಷ್ಟು ಸಿಬ್ಬಂದಿ ವಿಭಾಗ ಬೆಳೆದಿರಲಿಲ್ಲ. ಪಾಳಿಯನ್ನು ಹನ್ನೆರಡು ಗಂಟೆಗೆ ಏರಿಸಲಾಗಿತ್ತು. ಹಾಜರಾತಿ ದಾಖಲಿಸುವ ವ್ಯವಸ್ಥೆ ಕೆಟ್ಟಿತ್ತು. ಕೆಲವರಿಗೆ ಸರಿಯಾಗಿ ಅಥವಾ ಸಮಯಕ್ಕೆ ಸಂಬಳ ಆಗಿಲ್ಲವೆಂದು ಕಂಪನಿ ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಕೆಲಸಗಾರರಿಗೆ ನ್ಯಾಯವಾಗುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು, ಅಲ್ಲಿ ಫೋನು ಮಾಡಿಸುತ್ತಿದ್ದ ಆಪಲ್ ಅದನ್ನು ಪರೀಕ್ಷಾವಧಿಗೆ ಹಾಕಿತು. ಅದೇ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಕೊಂಡಿತು.

ಸಂಬಳವನ್ನೇ ಸರಿಯಾಗಿ ಕೊಡದ ಕಡೆ ಅದನ್ನು ವಿವರಿಸುವ ಮಾತು ವ್ಯರ್ಥ. ಹಾಗಾಗಿ ನರಸಾಪುರದ ಘಟನೆಯನ್ನು ಬರೀ ವಿವರಣೆಯ ಕೊರತೆಯೆಂದು ನಾನು ಸಣ್ಣದು ಮಾಡುವುದಿಲ್ಲ. ಆದರೆ ಅದರಲ್ಲಿ ನಮ್ಮ ವಿಷಯಕ್ಕೆ ಸೇರಿದ ಒಂದು ಎಳೆ ಇದೆ. ತನ್ನ ಸಂಬಳ ಎಷ್ಟು, ಯಾವ ಲೆಕ್ಕದಲ್ಲಿ ಅಷ್ಟು ಎಂದು ಹೇಳಬಲ್ಲ ಒಂದು ಮುಖ ಕಾರ್ಖಾನೆಯೊಳಗೆ ಇಲ್ಲದಿದ್ದರೆ ಪಕ್ಕದವನ ಸಂಬಳವೇ ಅಳತೆಗೋಲಾಗುತ್ತದೆ. ಅಸಮಾಧಾನ ಹುಟ್ಟುವುದು ಅಲ್ಲಿ.

ಈ ತಾಲ್ಲೂಕುಗಳ ಮನೆಗಳಲ್ಲೇ ಇದಕ್ಕೆ ವಿರುದ್ಧವಾದ ಅನುಭವವೂ ಇದೆ. ಸರ್ಕಾರಿ ನೌಕರನ ವೇತನ ಶ್ರೇಣಿ ಯಾವತ್ತೂ ಗುಟ್ಟಲ್ಲ. 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಶ್ರೇಣಿಗಳು ಜಾರಿಗೆ ಬಂದಾಗ ಮೂಲವೇತನದ ತಳ 17,000ದಿಂದ 27,000ಕ್ಕೆ ಏರಿತು, ದ್ವಿತೀಯ ದರ್ಜೆ ಸಹಾಯಕರ ಶ್ರೇಣಿ 34,100ರಿಂದ 67,600 ಆಯಿತು ಎಂಬುದು ಎಲ್ಲರ ಬಾಯಲ್ಲಿತ್ತು. ತಾಲ್ಲೂಕು ಕಚೇರಿಯಲ್ಲಿ ಅಕ್ಕಪಕ್ಕದ ಮೇಜಿನ ಇಬ್ಬರ ನಡುವೆ ಸಾವಿರಾರು ರೂಪಾಯಿಯ ಅಂತರವಿದ್ದರೂ ಅದಕ್ಕಾಗಿ ಮನಸ್ತಾಪವಾಗುವುದು ಕಡಿಮೆ, ಯಾಕೆಂದರೆ ಅಂತರದ ಕಾರಣ ಇಬ್ಬರಿಗೂ ಗೊತ್ತು: ಒಬ್ಬರು ಸೇವೆಗೆ ಸೇರಿ ಇಪ್ಪತ್ತು ವರ್ಷ, ಇನ್ನೊಬ್ಬರು ನಾಲ್ಕು ವರ್ಷ. ಕೆಜಿಎಫ್‌ನ ಬೆಮೆಲ್ ಕುಟುಂಬಗಳಿಗೂ ಇದು ಹೊಸದಲ್ಲ. ಅಲ್ಲಿ ಕಾರ್ಮಿಕ ಸಂಘಗಳ ಜೊತೆಗಿನ ವೇತನ ಒಪ್ಪಂದದಲ್ಲೇ ಎಲ್ಲವೂ ಇರುತ್ತದೆ.

ಹಾಗೆಂದು ಸರ್ಕಾರಿ ಮಾದರಿಯನ್ನು ಖಾಸಗಿ ಕಾರ್ಖಾನೆಗೆ ಹಾಗೇ ತರಲಾಗದು. ಅಲ್ಲಿ ಹುದ್ದೆ ಮತ್ತು ಸೇವಾವಧಿ ಗೊತ್ತಾದರೆ ಸಂಬಳ ಹೆಚ್ಚುಕಡಿಮೆ ಗೊತ್ತಾದಂತೆಯೇ. ಖಾಸಗಿಯಲ್ಲಿ ಅದರ ಮೇಲೆ ಕೌಶಲ, ಕೆಲಸದ ಗುಣಮಟ್ಟ, ಸೇರುವಾಗ ಮಾರುಕಟ್ಟೆ ಹೇಗಿತ್ತು ಎಂಬುದೆಲ್ಲ ಸೇರುತ್ತದೆ. ಒಬ್ಬನ ಅಂಕಿ ಹೊರಬಂದರೆ ಅವನ ಕೆಲಸದ ಬಗ್ಗೆ ಮೇಲಿನವರು ಕೊಟ್ಟ ತೀರ್ಪೂ ಹೊರಬರುತ್ತದೆ. ಅದಕ್ಕೇ ನನ್ನ ವಾದ ಈ ಎರಡರ ನಡುವಿನದು: ಏಣಿ ಪೂರ್ತಿ ಕಾಣಬೇಕು, ಯಾರು ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆ ಎಂಬುದು ಅವರಿಗೆ ಮಾತ್ರ ಗೊತ್ತಿರಬೇಕು.

ಹೇಳುವುದು ಸುಲಭ. ನಾನು ಕೆಲಸ ಮಾಡಿದ ಒಂದು ಕಡೆ, ಮಾಲೂರು ಭಾಗದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ, ಇದು ಹೇಗೆ ನಡೆಯಿತು ಎಂದು ಬಿಡಿಸಿ ಹೇಳುತ್ತೇನೆ. ಹೆಸರು ಬೇಡ; ಗುರುತು ಸಿಗದಿರಲೆಂದು ಮೊತ್ತಗಳನ್ನೂ ದುಂಡಾಗಿಸಿದ್ದೇನೆ.

ಅಲ್ಲಿ ಸುಮಾರು ಇನ್ನೂರೈವತ್ತು ಮಂದಿ ಕಾಯಂ ಸಿಬ್ಬಂದಿ, ಐದು ಗ್ರೇಡು. ಹೆಲ್ಪರ್‌ನಿಂದ ಶುರುವಾಗಿ ಸೂಪರ್‌ವೈಸರ್‌ವರೆಗೆ. ಎರಡನೇ ಗ್ರೇಡು ಆಪರೇಟರುಗಳದು, 19,000ದಿಂದ 25,000. ಮೂರನೆಯದು ಯಂತ್ರವನ್ನು ತಾನೇ ಸೆಟ್ ಮಾಡಬಲ್ಲ ಹಿರಿಯ ಆಪರೇಟರುಗಳದು, 23,000ದಿಂದ 31,000. ಈ ಪಟ್ಟಿ ಆಡಳಿತದ ಕಪಾಟಿನಲ್ಲಿತ್ತು, ಬೇರೆ ಯಾರೂ ನೋಡಿರಲಿಲ್ಲ. ಒಂದು ದಿನ ಎಂಟು ವರ್ಷದಿಂದ ಇದ್ದ ಹೆಣ್ಣುಮಗಳೊಬ್ಬಳು ಬಂದು ನಿಂತಳು. "ಸಾರ್, ಮೊನ್ನೆ ಐಟಿಐ ಮುಗಿಸಿ ಬಂದ ಹುಡುಗಂಗೂ ನಂಗೂ ಆರುನೂರು ರೂಪಾಯಿ ವ್ಯತ್ಯಾಸ ಅಷ್ಟೇ. ಅವನಿಗೆ ಕೆಲಸ ಕಲಿಸಿದ್ದು ನಾನು. ನನ್ನ ಗ್ರೇಡು ಅಂದ್ರೆ ಏನು ಸಾರ್?" ಅವಳಿಗೆ 21,000, ಹುಡುಗನಿಗೆ 20,400. ಅವಳ ಮುಂದೆ ಆ ಹೊತ್ತು ನನ್ನ ಬಳಿ ಉತ್ತರವಿರಲಿಲ್ಲ.

ಆಮೇಲೆ ಹುಡುಕಿದಾಗ ಸಿಕ್ಕ ಕಾರಣ ಇದು. ನಮ್ಮ ರಾಜ್ಯದಲ್ಲಿ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಏರುತ್ತದೆ. ಜೊತೆಗೆ ಹೊಸಬರು ಬೆಂಗಳೂರಿಗೆ ಹೋಗದಿರಲಿ ಎಂದು ಕಂಪನಿ ಸೇರುವವರ ಮೊತ್ತವನ್ನೂ ಏರಿಸುತ್ತ ಬಂದಿತ್ತು. ತಳ ಏರಿತು, ಆದರೆ ಒಳಗಿದ್ದವರ ಇನ್‌ಕ್ರಿಮೆಂಟು ಅದೇ ವೇಗದಲ್ಲಿ ಏರಲಿಲ್ಲ. ಎಂಟು ವರ್ಷದ ಅನುಭವ ಆರುನೂರು ರೂಪಾಯಿಗೆ ಬಂದು ನಿಂತಿತು. ಯಾರೂ ಅನ್ಯಾಯ ಮಾಡಬೇಕೆಂದು ಕೂತು ಮಾಡಿದ್ದಲ್ಲ ಇದು. ಯಾರೂ ನೋಡದೆ ಇದ್ದುದರಿಂದ ಆದದ್ದು. ಕೆಳಗಿನ ಗ್ರೇಡುಗಳಲ್ಲಿ ನಾನು ಕಂಡ ಅಸಮಾಧಾನದಲ್ಲಿ ಹೆಚ್ಚಿನದು ಇಂಥ ಒತ್ತಿಹೋದ ಅಂತರದಿಂದ ಬಂದದ್ದು.

ಆದ್ದರಿಂದ ಪಟ್ಟಿಯನ್ನು ಗೋಡೆಗೆ ಅಂಟಿಸುವ ಮೊದಲು ಪ್ರತಿಯೊಬ್ಬರನ್ನೂ ಅದರಲ್ಲಿ ಇಟ್ಟು ನೋಡಬೇಕು. ಇದಕ್ಕೆ ಒಂದು ಸರಳ ಅಳತೆ ಇದೆ. ಗ್ರೇಡಿನ ಕೆಳಮಿತಿಯಿಂದ ಮೇಲ್ಮಿತಿಯವರೆಗಿನ ಬ್ಯಾಂಡಿನ ನಡುಮೊತ್ತ ತೆಗೆದು, ವ್ಯಕ್ತಿಯ ಸಂಬಳವನ್ನು ಅದರಿಂದ ಭಾಗಿಸುವುದು. ಎರಡನೇ ಗ್ರೇಡಿನ ನಡುಮೊತ್ತ 22,000. ಆ ಕೆಲಸವನ್ನು ಪೂರ್ತಿ ಬಲ್ಲವರು, ಯಾರ ಸಹಾಯವೂ ಇಲ್ಲದೆ ಮಾಡುವವರು ಅದರ ಹತ್ತಿರ ಇರಬೇಕೆಂಬುದು ಬ್ಯಾಂಡಿನ ಹಿಂದಿರುವ ಯೋಚನೆ; ಅಂದರೆ ಭಾಗಾಕಾರ ಒಂದರ ಆಸುಪಾಸು. ಆ ಹೆಣ್ಣುಮಗಳದು 0.95 ಬಂತು. ಎಂಟು ವರ್ಷ ಮಾಡಿ, ಬೇರೆಯವರಿಗೆ ಕಲಿಸುವವಳು ಇನ್ನೂ ಕಲಿಯುತ್ತಿರುವವರ ಸಾಲಿನಲ್ಲಿದ್ದಳು. ಅದೇ ಗ್ರೇಡಿನಲ್ಲಿ ಐದು ವರ್ಷಕ್ಕೆ ಮೇಲ್ಪಟ್ಟು ಸೇವೆಯಿದ್ದೂ ನಡುಮೊತ್ತ ಮುಟ್ಟದವರು ಹತ್ತೊಂಬತ್ತು ಜನ ಸಿಕ್ಕರು. ಕೊರತೆ ಸರಾಸರಿ ಒಂಬೈನೂರು ರೂಪಾಯಿ. ಹತ್ತೊಂಬತ್ತು ಜನಕ್ಕೆ ತಿಂಗಳಿಗೆ 17,100, ಅದರ ಮೇಲೆ ಭವಿಷ್ಯನಿಧಿಯ ಪಾಲು. ಮಾಲೀಕರು ಭಯಪಟ್ಟಿದ್ದ ಮೊತ್ತಕ್ಕಿಂತ ಇದು ಎಷ್ಟೋ ಕಡಿಮೆ. ಎರಡು ಏಪ್ರಿಲ್‌ಗಳಲ್ಲಿ ಅದನ್ನು ಸರಿಮಾಡಿದೆವು. ಸರಿಮಾಡಲು ಶುರುವಾದ ಮೇಲಷ್ಟೇ ಮಾತಾಡಲು ಹೋದೆವು.

ಈ ಅನುಕ್ರಮ ತಪ್ಪಿದರೆ ಎಲ್ಲ ತಪ್ಪುತ್ತದೆ. ಕೆಳಮಿತಿಗಿಂತ ಕಡಿಮೆ ಪಡೆಯುವವರು ಇರುವಾಗಲೇ ಬ್ಯಾಂಡು ತೋರಿಸಿದರೆ, ಕಂಪನಿ ತಾನೇ ಬರೆದ ನಿಯಮವನ್ನು ತಾನೇ ಮುರಿದಿದೆ ಎಂಬುದಕ್ಕೆ ಅವರ ಕೈಗೆ ದಾಖಲೆ ಕೊಟ್ಟಂತೆ.

ನೋಡುತ್ತ ಹೋದಾಗ ಇನ್ನೊಂದು ಹೊರಬಿತ್ತು. ಒಂದು ವಿಭಾಗದಲ್ಲಿ ಬಿಡಿಭಾಗಗಳನ್ನು ಜೋಡಿಸಿ ಪರೀಕ್ಷಿಸುವ ಹೆಣ್ಣುಮಕ್ಕಳೆಲ್ಲ ಒಂದನೇ ಗ್ರೇಡಿನಲ್ಲಿದ್ದರು, ಹುದ್ದೆಯ ಹೆಸರು 'ಅಸೆಂಬ್ಲಿ ಹೆಲ್ಪರ್'. ಪಕ್ಕದ ಲೈನಿನಲ್ಲಿ ಅದೇ ಬಗೆಯ ಕೆಲಸ, ಅದೇ ಗೇಜು, ಅದೇ ನಮೂನೆಯ ತಪಾಸಣೆ ಪಟ್ಟಿ ಹಿಡಿದ ಗಂಡಸರು 'ಆಪರೇಟರ್', ಎರಡನೇ ಗ್ರೇಡು. ಯಾರನ್ನು ಕೇಳಿದರೂ ಕಾರಣ ಗೊತ್ತಿರಲಿಲ್ಲ; ಮೊದಲಿಂದ ಹಾಗೇ ಇದೆ ಎಂದರು. 1976ರ ಸಮಾನ ವೇತನ ಕಾಯ್ದೆಯಿಂದ ಹಿಡಿದು ಈಗ ಅದರ ಜಾಗಕ್ಕೆ ಬಂದಿರುವ ವೇತನ ಸಂಹಿತೆಯವರೆಗೆ ಒಂದೇ ಬಗೆಯ ಕೆಲಸಕ್ಕೆ ಲಿಂಗ ನೋಡಿ ಬೇರೆ ಸಂಬಳ ಕೊಡುವಂತಿಲ್ಲ. ಹುದ್ದೆಯ ಹೆಸರು ಬೇರೆ ಎಂಬುದು ಅಲ್ಲಿ ಸಮರ್ಥನೆಯಾಗದು. ಗ್ರೇಡನ್ನು ಹೆಸರು ನೋಡಿ ಕೊಡದೆ ಕೆಲಸವನ್ನು ನೋಡಿ ಕೊಡಬೇಕು. ಎಷ್ಟು ಕಲಿಯಬೇಕು, ತಪ್ಪಾದರೆ ಎಷ್ಟು ನಷ್ಟ, ಮೈಗೆ ಎಷ್ಟು ಶ್ರಮ, ಬಿಸಿ, ಧೂಳು, ಸದ್ದು ಎಷ್ಟು, ಇನ್ನೊಬ್ಬರ ಕೆಲಸಕ್ಕೆ ಜವಾಬ್ದಾರರೇ ಎಂದು ಪ್ರತಿ ಕೆಲಸಕ್ಕೂ ಅಂಕ ಹಾಕಿದೆವು. ಹಾಕುವಾಗ ಆ ಜಾಗದಲ್ಲಿ ಯಾರು ಕೂತಿದ್ದಾರೆ ಎಂದು ನೋಡಲಿಲ್ಲ. ಹನ್ನೊಂದು ಹೆಣ್ಣುಮಕ್ಕಳ ಗ್ರೇಡು ಬದಲಾಯಿತು. ಪಟ್ಟಿ ಗುಟ್ಟಾಗಿದ್ದಷ್ಟು ದಿನ ಈ ತಪ್ಪು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಏಣಿಯನ್ನು ತೆರೆದಿಡಬೇಕೆಂಬ ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಕಾರಣ ನನ್ನಲ್ಲಿಲ್ಲ. ತೋರಿಸಬೇಕೆಂದು ತೀರ್ಮಾನಿಸಿದ ದಿನವೇ ಸಂಸ್ಥೆ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲು ಶುರುಮಾಡುತ್ತದೆ.

ಇನ್ನು ಮುಚ್ಚಿಡಬೇಕಾದದ್ದನ್ನು ನಿಜವಾಗಿ ಮುಚ್ಚಿಡುವುದು ಹೇಗೆ? ಹೆಸರು ಬರೆಯದಿದ್ದರೆ ಸಾಕು ಎಂದು ಅನೇಕರು ತಿಳಿದಿದ್ದಾರೆ. ಸಾಲದು. ಆ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗಕ್ಕೆ ಐದನೇ ಗ್ರೇಡಿನವರು ಒಬ್ಬರೇ ಇದ್ದರು. ವಿಭಾಗವಾರು ಬ್ಯಾಂಡು ಹಾಕಿ, ಅವರದನ್ನು 33,000ದಿಂದ 36,000 ಎಂದು ಬರೆದಿದ್ದರೆ ಅದು ಬ್ಯಾಂಡಲ್ಲ, ಅವರ ಸಂಬಳವೇ. ಅದಕ್ಕೆ ವಿಭಾಗಗಳನ್ನು ಬಿಟ್ಟು ಇಡೀ ಕಾರ್ಖಾನೆಗೆ ಒಂದೇ ಗ್ರೇಡು ಪಟ್ಟಿ ಮಾಡಿದೆವು. ಐದು ಜನಕ್ಕಿಂತ ಕಡಿಮೆ ಇರುವ ಯಾವ ಗುಂಪಿಗೂ ಪ್ರತ್ಯೇಕ ಅಂಕಿ ಕೊಡಲಿಲ್ಲ.

ಸರಾಸರಿಯನ್ನು ಹೇಳುವುದು ಇನ್ನೂ ಅಪಾಯ. ಕೇಳಲು ನಿರಪಾಯವಾಗಿ ಕಾಣುವುದರಿಂದ ಇದರಲ್ಲಿ ಒಳ್ಳೆಯವರೂ ಬೀಳುತ್ತಾರೆ. ಒಂದು ಸಭೆಯಲ್ಲಿ ಮ್ಯಾನೇಜರು 'ಟೂಲ್‌ರೂಮಿನ ನಾಲ್ಕು ಜನರ ಸರಾಸರಿ 26,000' ಎಂದರು ಅಂತಿಟ್ಟುಕೊಳ್ಳಿ. ಮೂರು ತಿಂಗಳ ಮೇಲೆ ಹೊಸಬರೊಬ್ಬರು ಸೇರಿದರು. ಇನ್ನೊಂದು ಸಭೆಯಲ್ಲಿ 'ಈಗ ಐದು ಜನ, ಸರಾಸರಿ 27,000' ಎಂದರು. ನಾಲ್ಕು ಜನರ ಒಟ್ಟು 1,04,000, ಐದು ಜನರ ಒಟ್ಟು 1,35,000. ಕಳೆದರೆ 31,000, ಅದು ಹೊಸಬರ ಸಂಬಳ. ಟೂಲ್‌ರೂಮಿನಲ್ಲಿ ಮೈಕ್ರಾನ್ ಲೆಕ್ಕ ಹಾಕುವವರಿಗೆ ಈ ಕಳೆಯುವ ಲೆಕ್ಕ ಎಷ್ಟು ಹೊತ್ತಿನದು? ಆದ್ದರಿಂದ ಕೆಳಮಿತಿ ಮೇಲ್ಮಿತಿ ಮಾತ್ರ ಹೇಳಬೇಕು. ಅವು ಕೆಲಸಕ್ಕೆ ಸೇರಿದವು. ಸರಾಸರಿ, ಅತಿಹೆಚ್ಚು, ಅತಿಕಡಿಮೆ ಇವೆಲ್ಲ ಇರುವ ಜನರಿಂದ ಬಂದ ಅಂಕಿಗಳು, ಅವನ್ನು ಹೇಳಬಾರದು. ಸೋರುತ್ತದೆಂಬ ಭಯಕ್ಕೆ ಕೆಲವರು ಬ್ಯಾಂಡನ್ನೇ 15,000ದಿಂದ 45,000 ಎಂದು ಹಿಗ್ಗಿಸುತ್ತಾರೆ. ಅದರಿಂದ ಯಾರ ಸಂಬಳವೂ ಹೊರಬರುವುದಿಲ್ಲ ನಿಜ, ಯಾರಿಗೂ ಏನೂ ತಿಳಿಯುವುದೂ ಇಲ್ಲ.

ಮಾತಾಡುವ ದಿನ ನಾವು ಎಲ್ಲರನ್ನೂ ಕ್ಯಾಂಟೀನಿನಲ್ಲಿ ಸೇರಿಸಲಿಲ್ಲ. ಮೊದಲು ಸೂಪರ್‌ವೈಸರುಗಳಿಗೆ ಎರಡು ಮಧ್ಯಾಹ್ನ ಹೇಳಿಕೊಟ್ಟೆವು, ಯಾಕೆಂದರೆ ಕೆಲಸಗಾರ ನಾಳೆ ಬೆಳಗ್ಗೆ ಕೇಳುವುದು ಅವರನ್ನೇ. 'ಮೇಲಿನವರು ಮಾಡಿದ್ದು, ನಂಗೊತ್ತಿಲ್ಲ' ಎಂದು ಅವರು ಒಂದು ಮಾತು ಅಂದರೆ ನಮ್ಮ ಎಲ್ಲ ಶ್ರಮ ಅಲ್ಲಿಗೆ ಮುಗಿಯಿತು. ಆಮೇಲೆ ಒಂದೇ ಗ್ರೇಡಿನ ಹದಿನೈದಿಪ್ಪತ್ತು ಜನರನ್ನು ಕೂರಿಸಿ ಪಟ್ಟಿ ತೋರಿಸಿದೆವು. ಅದೇ ದಿನ ಪ್ರತಿಯೊಬ್ಬರಿಗೂ ಮುಚ್ಚಿದ ಲಕೋಟೆಯಲ್ಲಿ ಒಂದು ಪತ್ರ. ಅದರಲ್ಲಿ ಅವರ ಗ್ರೇಡು, ಆ ಗ್ರೇಡು ಯಾಕೆ, ಬ್ಯಾಂಡಿನಲ್ಲಿ ಅವರ ಜಾಗ, ಅಲ್ಲಿರಲು ಕಾರಣ, ಮುಂದಿನ ಗ್ರೇಡಿಗೆ ಏನು ಕಲಿತು ತೋರಿಸಬೇಕು ಎಂಬುದು ಇತ್ತು. ಕೊನೆಯದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. 'ಚೆನ್ನಾಗಿ ಕೆಲಸ ಮಾಡಿ' ಎಂದು ಬರೆದರೆ ಅದು ಪತ್ರವಲ್ಲ. 'ಎರಡು ಬೇರೆ ಬಗೆಯ ಯಂತ್ರ ನೀವೇ ಸೆಟ್ ಮಾಡಿ, ಮೊದಲ ತುಣುಕು ತಪಾಸಣೆಯಲ್ಲಿ ಪಾಸಾಗಬೇಕು; ವರ್ಷಕ್ಕೆ ಎರಡು ಸಲ ಈ ಪರೀಕ್ಷೆ ಇರುತ್ತದೆ' ಎಂದು ಬರೆದರೆ ಅವರಿಗೆ ದಾರಿ ಕಾಣುತ್ತದೆ.

ಕೈಗೆ ಬರುವ ಮೊತ್ತದ ಪ್ರಶ್ನೆ ಮೊದಲ ಗುಂಪಿನಲ್ಲೇ ಎದ್ದಿತು. ಪಟ್ಟಿಯಲ್ಲಿ 20,000, ಬ್ಯಾಂಕಿಗೆ 18,000, ಆಫರ್ ಲೆಟರಿನಲ್ಲಿ 23,000: ಮೂರೂ ಒಬ್ಬನದೇ ಸಂಬಳ. ಮೂಲವೇತನ ಮತ್ತು ತುಟ್ಟಿಭತ್ಯೆ 15,000, ಉಳಿದ ಭತ್ಯೆ 5,000 ಆದರೆ ಒಟ್ಟು 20,000. ಅದರಲ್ಲಿ ಭವಿಷ್ಯನಿಧಿಗೆ ಶೇಕಡ 12ರಂತೆ 1,800, ಇಎಸ್‌ಐಗೆ ನೂರೈವತ್ತರ ಆಸುಪಾಸು ಹೋಗಿ ಕೈಗೆ ಹದಿನೆಂಟು ಸಾವಿರದಷ್ಟು. ಕಂಪನಿ ತನ್ನ ಕಡೆಯಿಂದ ಕಟ್ಟುವ ಭವಿಷ್ಯನಿಧಿ, ಇಎಸ್‌ಐ, ಗ್ರಾಚ್ಯುಟಿಗೆ ತೆಗೆದಿಡುವುದು ಎಲ್ಲ ಕೂಡಿಸಿ ಇಪ್ಪತ್ಮೂರು ಸಾವಿರ. ಮೂರೂ ಸರಿ, ಆದರೆ ಯಾವುದನ್ನು ಬ್ಯಾಂಡೆಂದು ಹೇಳುತ್ತಿದ್ದೇವೆ ಎಂದು ಮೊದಲೇ ಹೇಳದಿದ್ದರೆ ಕೆಲಸಗಾರನಿಗೆ ಐದು ಸಾವಿರ ಯಾರೋ ತಿಂದಂತೆ ಕಾಣುತ್ತದೆ. ಕೆಲಸಕ್ಕೆ ಕರೆಯುವವರು ದೊಡ್ಡ ಅಂಕಿ ಹೇಳುವುದು, ಸಂಬಳ ಕೊಡುವವರು ಸಣ್ಣ ಅಂಕಿ ಕೊಡುವುದು ಈ ಜಿಲ್ಲೆಯಲ್ಲಿ ಎಷ್ಟು ಮನೆಗಳಿಗೆ ನೋವು ಕೊಟ್ಟಿದೆ ಎಂದು ನನಗೆ ಗೊತ್ತು. ಆ 20,000ವನ್ನೇ, ಅಂದರೆ ಕಡಿತಕ್ಕೆ ಮುಂಚಿನ ಒಟ್ಟು ಮೊತ್ತವನ್ನೇ ಎಲ್ಲ ಕಡೆ ಹೇಳುವುದೆಂದು ನಿಶ್ಚಯಿಸಿದೆವು. ಆಫರ್ ಲೆಟರಿನಲ್ಲಿ ಕೈಗೆ ಬರುವ ಅಂದಾಜನ್ನೂ ಮೊದಲ ಪುಟದಲ್ಲೇ ಬರೆದೆವು.

ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: ಕೆಳಗಿನ ಗ್ರೇಡಿನ ಹಿರಿಯರಿಗೆ ಮೇಲಿನ ಗ್ರೇಡಿನ ಹೊಸಬರಿಗಿಂತ ಹೆಚ್ಚು ಬರುತ್ತದೆಯೇ? ಬರಬಹುದು. ಎರಡನೆಯದರ ಮೇಲ್ಮಿತಿ 25,000, ಮೂರನೆಯದರ ಕೆಳಮಿತಿ 23,000. ನಡುವಿನ ಎರಡು ಸಾವಿರದಲ್ಲಿ ಎರಡೂ ಗ್ರೇಡಿನವರು ಇರುತ್ತಾರೆ. ಇದನ್ನು ತಪ್ಪೆಂದು ಮುಚ್ಚಿಡದೆ ಕಾರಣ ಹೇಳಿದರೆ ಜನ ಒಪ್ಪುತ್ತಾರೆ. ಒಂದು ಕೆಲಸವನ್ನು ಹದಿನೈದು ವರ್ಷ ಪಳಗಿಸಿಕೊಂಡವರಿಗೆ ಅದರ ಬೆಲೆ ಸಿಗಬೇಕು. ಮೇಲಿನ ಕೆಲಸಕ್ಕೆ ಈಗಷ್ಟೇ ಕಾಲಿಟ್ಟವರು ಅಲ್ಲಿ ಇನ್ನೂ ಕಲಿಯಬೇಕು. ಆದರೆ ಆ ಹೊಸಬರ ಮುಂದೆ 31,000ದವರೆಗೆ ದಾರಿ ಇದೆ, ಹಿರಿಯರ ದಾರಿ 25,000ಕ್ಕೆ ನಿಲ್ಲುತ್ತದೆ.

'ಹಾಗಾದರೆ ಅವನಿಗೆ ಎಷ್ಟು ಸಾರ್?' ಎಂಬ ಪ್ರಶ್ನೆಗೆ ನಾವು ಕೊಡುತ್ತಿದ್ದ ಉತ್ತರ ಇದು: 'ಅವರದು ಅವರನ್ನೇ ಕೇಳಬೇಕು, ನಾನು ಹೇಳುವಂತಿಲ್ಲ. ನಿಮ್ಮದನ್ನು ಬೇರೆ ಯಾರಿಗೂ ಹೇಳುವುದಿಲ್ಲವಲ್ಲ, ಹಾಗೆಯೇ. ನಿಮ್ಮದು ಯಾಕೆ ಅಷ್ಟು ಅಂತ ಎಷ್ಟು ಹೊತ್ತು ಬೇಕಾದರೂ ಹೇಳುತ್ತೇನೆ.' ಈ ಮಾತು ನಿಲ್ಲುವುದು ಎರಡನೇ ಭಾಗ ನಿಜವಾಗಿದ್ದರೆ ಮಾತ್ರ. ಸಿಬ್ಬಂದಿ ತಮ್ಮತಮ್ಮಲ್ಲಿ ಸಂಬಳ ಹೇಳಿಕೊಳ್ಳಬಾರದೆಂದು ನೇಮಕಾತಿ ಪತ್ರದಲ್ಲಿ ಬರೆಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಹೆಣ್ಣು ನೋಡಲು ಬಂದವರು ಕಾಫಿ ಕುಡಿಯುವ ಮೊದಲೇ ಸಂಬಳ ಕೇಳುವ ಊರುಗಳಿವು. ಗುಟ್ಟು ಕಾಯುವ ಹೊಣೆ ಸಂಸ್ಥೆಯದು. ತನ್ನ ಸಂಬಳ ತಾನು ಹೇಳಿಕೊಳ್ಳುವುದು ಕೆಲಸಗಾರನ ಇಷ್ಟ.

ಎಲ್ಲರೂ ಸಮಾಧಾನಗೊಂಡರೆಂದು ಹೇಳಿದರೆ ಸುಳ್ಳಾಗುತ್ತದೆ. ಮೇಲ್ಮಿತಿ ದಾಟಿದ್ದ ನಾಲ್ವರಿದ್ದರು. ಹಿಂದೆ ಕೆಲಸ ಬಿಡುತ್ತೇವೆಂದಾಗ ಉಳಿಸಿಕೊಳ್ಳಲು ಕೊಟ್ಟದ್ದು, ಬಡ್ತಿ ಕೊಡಲಾಗದೆ ಇನ್‌ಕ್ರಿಮೆಂಟಿನಲ್ಲೇ ತೀರಿಸಿದ್ದು, ಹೀಗೆ ಸೇರಿಸೇರಿಸಿ ಅಲ್ಲಿಗೆ ಬಂದಿದ್ದರು. ಅವರ ಸಂಬಳ ಇಳಿಸುವ ಮಾತೇ ಇಲ್ಲ. ಆದರೆ ಬ್ಯಾಂಡು ಏರಿ ಅವರನ್ನು ಮುಟ್ಟುವವರೆಗೆ ಮೂಲ ಸಂಬಳ ಹೆಚ್ಚುವುದಿಲ್ಲ, ವರ್ಷದ ಕೆಲಸಕ್ಕೆ ಒಂದು ಸಲದ ಮೊತ್ತ ಮಾತ್ರ ಎಂದು ಪ್ರತ್ಯೇಕವಾಗಿ ಕೂರಿಸಿ ಹೇಳಬೇಕಾಯಿತು. ಕೆಲವರು ಒಪ್ಪಿದರು, ಒಬ್ಬರು ಆರು ತಿಂಗಳಲ್ಲಿ ಬಿಟ್ಟುಹೋದರು. ಮೂರನೇ ಗ್ರೇಡಿನ ಪರೀಕ್ಷೆಗೆ ಮೊದಲ ಸಲ ಇದ್ದ ಜಾಗಕ್ಕಿಂತ ಮೂರು ಪಟ್ಟು ಅರ್ಜಿ ಬಂದವು. ಪಾಸಾದರೂ ಜಾಗ ಖಾಲಿಯಾಗುವವರೆಗೆ ಕಾಯಬೇಕಾದವರ ನಿರಾಸೆ ನಿಜವಾದದ್ದು. ಅದನ್ನು ಮೊದಲೇ ಪತ್ರದಲ್ಲಿ ಬರೆಯದಿದ್ದದ್ದು ನಮ್ಮ ತಪ್ಪು. ಎರಡನೇ ವರ್ಷ ಬರೆದೆವು.

ಕೆಲಸ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ನಾನು ನೋಡುವುದು ಪ್ರಶ್ನೆಗಳ ಬಗೆಯನ್ನು. ಮೊದಲು ನಮ್ಮ ಕೋಣೆಗೆ ಬರುತ್ತಿದ್ದ ಪ್ರಶ್ನೆಗಳೆಲ್ಲ ಒಬ್ಬರ ಹೆಸರಿನಿಂದ ಶುರುವಾಗುತ್ತಿದ್ದವು: ಅವನಿಗೆ ಯಾಕೆ, ಇವಳಿಗೆ ಹೇಗೆ. ಒಂದು ವರ್ಷದ ಮೇಲೆ ಬರುತ್ತಿದ್ದದ್ದು ಪರೀಕ್ಷೆ ಯಾವಾಗ, ಆ ಯಂತ್ರದಲ್ಲಿ ನನ್ನನ್ನು ಯಾಕೆ ಹಾಕುತ್ತಿಲ್ಲ, ಕೆಳಮಿತಿ ಏರಿದರೆ ನಮ್ಮದೂ ಸರಿಯುತ್ತದೆಯೇ ಎಂಬವು. ಮತ್ತೆ ಹೆಸರುಗಳು ಕೇಳಿಬರತೊಡಗಿದರೆ ಎಲ್ಲೋ ಒಬ್ಬರಿಗೆ ನಿಯಮ ಮೀರಿ ಕೊಟ್ಟಿದ್ದಾರೆ ಎಂದೇ ಅರ್ಥ, ಹುಡುಕಿದರೆ ಸಿಗುತ್ತದೆ. ನನಗೆ ಎರಡು ಸಲ ಸಿಕ್ಕಿದೆ, ಎರಡು ಸಲವೂ ಮ್ಯಾನೇಜರೊಬ್ಬರು ಸಂಬಳ ಏರಿಸಲಾಗದೆ ಹುದ್ದೆಯ ಹೆಸರನ್ನು ಏರಿಸಿದ್ದರು.

ಪಟ್ಟಿ ಅಂಟಿಸಿದ ಮರುದಿನ ಪಾಳಿ ಬಿಡುವ ಹೊತ್ತಿನಲ್ಲಿ ಗುತ್ತಿಗೆಯ ಮೇಲೆ ಬಂದಿದ್ದ ಮುಳಬಾಗಿಲು ಕಡೆಯ ಹುಡುಗನೊಬ್ಬ ಅದರ ಮುಂದೆ ತುಂಬ ಹೊತ್ತು ನಿಂತಿದ್ದ. ಆಮೇಲೆ ನನ್ನ ಹತ್ತಿರ ಬಂದು ಕೇಳಿದ: "ಸಾರ್, ನಮ್ಮ ಪಟ್ಟಿ ಎಲ್ಲಿ ಹಾಕ್ತೀರ?" ಅವನು ನಿಂತು ಕೆಲಸ ಮಾಡುತ್ತಿದ್ದದ್ದು ಎರಡನೇ ಗ್ರೇಡಿನ ಯಂತ್ರದಲ್ಲೇ. ಕಾಯಂ ನೌಕರರು ಮಾಡುವಂಥದೇ ಕೆಲಸ ಮಾಡುವ ಗುತ್ತಿಗೆಯವರಿಗೆ ಅದೇ ದರ ಕೊಡಬೇಕೆಂದು ಗುತ್ತಿಗೆ ಕಾರ್ಮಿಕರ ನಿಯಮಗಳಲ್ಲಿ ದಶಕಗಳಿಂದಲೂ ಇತ್ತು. ಅವನಿಗೆ ಎಷ್ಟು ಬರುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ನಾವು ಗುತ್ತಿಗೆದಾರನಿಗೆ ಕೊಡುವ ಬಿಲ್ಲು ಮಾತ್ರ ಗೊತ್ತಿತ್ತು. ಮರುದಿನ ಬೆಳಗ್ಗೆ ಗುತ್ತಿಗೆದಾರನನ್ನು ಕರೆಸಿ ಆರು ತಿಂಗಳ ವೇತನ ರಿಜಿಸ್ಟರು ತರಲು ಹೇಳಿದೆ.